ವೇಟಿಂಗ್ ಎರಡು

ಆ ಮಳೆಗಾಲ ನಮ್ಮ ಮನೆಯಲ್ಲಿ ಎಲ್ಲರೂ ಅಬ್ಬಾನನ್ನು ಮಾತಾಡಲು ಬಿಟ್ಟು ಸುಮ್ಮನೆ ಕೇಳುತ್ತಿದ್ದೆವು. ಅವನ ಗಂಟಲಲ್ಲಿ ಗಡ್ಡೆಯಾಗಿತ್ತು. ರೇಡಿಯೇಶನ್ ಕೊಟ್ಟು ನೋಡಿದ ಮಿರಜಿನ ಡಾಕ್ಟರು ಕೊನೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಆಪರೇಷನ್ ಆಗಸ್ಟ್ ಕೊನೆಗೆ ನಿಗದಿಯಾಯಿತು.

ಅಮೆರಿಕದಲ್ಲಿ ಓದುತ್ತಿದ್ದ ತಂಗಿ ರಜೆಗೆ ನಮ್ಮೂರು ಸಂಖಕ್ಕೆ ಬಂದಿದ್ದಳು. ಹಣ್ಣು ಕೆಡದಂತೆ ಇಡುವ ವಿದ್ಯೆ ಅವಳದು. ಮುಂಬೈಗೆ ದಾಳಿಂಬೆ ಕಳಿಸುತ್ತಿದ್ದ ಅಬ್ಬಾನಿಗೆ ಅದೊಂದೇ ಸಾಕಾಗಿತ್ತು, ಅವಳನ್ನು ಅಷ್ಟು ದೂರ ಕಳಿಸಲು. ಡಿಸೆಂಬರಿಗೆ ಓದು ಮುಗಿಯುವುದಿತ್ತು. ಒಂದು ವಾರ ತಡವಾಗಿ ಬರುತ್ತೇನೆಂದು ಅಲ್ಲಿಯ ವಿಭಾಗದವರನ್ನು ಕೇಳಿ ಒಪ್ಪಿಸಿದ್ದಳು. ಆಪರೇಷನ್ ಕೋಣೆಯ ಬಾಗಿಲವರೆಗೆ ಅಬ್ಬಾನ ಜೊತೆ ಹೋಗಬೇಕು, ಕೊನೆಯ ಮಾತು ಕೇಳಬೇಕು ಎಂಬುದು ಅವಳ ಆಸೆ.

ಕೊನೆಯ ಅವಧಿಯ ಮೂರು ವಿಷಯಗಳಲ್ಲಿ ಎರಡಕ್ಕೆ ಹೆಸರು ಹಚ್ಚಿಯಾಗಿತ್ತು, ಒಂದು ಲ್ಯಾಬ್ ವಿಷಯ ಮಾತ್ರ ಬಾಕಿ ಇತ್ತು. ಅದನ್ನು ವರ್ಷಕ್ಕೊಮ್ಮೆ, ಆಗಸ್ಟಿನ ಅವಧಿಯಲ್ಲಷ್ಟೇ ಕಲಿಸುತ್ತಿದ್ದರು. ಸೀಟು ತುಂಬಿದ್ದವು. ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಅವಳ ಹೆಸರು ವೇಟಿಂಗ್ ಲಿಸ್ಟಿನಲ್ಲಿ ಎರಡನೆಯದಾಗಿ ನಿಂತಿತ್ತು. ಅವಳು ಅದನ್ನು ಹೇಳಿದಾಗ ಅಬ್ಬಾ ನಕ್ಕುಬಿಟ್ಟ. ಒಡೆದ ಗಂಟಲಿನಿಂದ ಗಾಳಿಯೇ ಹೆಚ್ಚು ಬರುತ್ತಿತ್ತು.

"ವೇಟಿಂಗ್ ಎರಡ ಅಂದ್ರ ಕನ್ಫರ್ಮ್ ಆದಂಗ ಬೇಟಾ. ಮುಂಬೈ ಗಾಡಿಗೆ ನಾ ನಲವತ್ತ ವೇಟಿಂಗ್ ಇದ್ದು ಮಲಕೊಂಡ ಹೋಗೇನಿ. ಚಾರ್ಟ್ ಹಚ್ಚೂದ್ರಾಗ ತಾನ ಆಕ್ಕೈತಿ."

ಅವಳಿಗೂ ಹಾಗೇ ಅನ್ನಿಸಿತು. ಅದಕ್ಕೂ ಮೊದಲು ಅಲ್ಲಿ ವೇಟಿಂಗ್ ಬಿದ್ದವಳಲ್ಲ. ನಮ್ಮ ರೇಲ್ವೆ ತಾನೇ ಹೆಸರು ಮೇಲೇರಿಸುತ್ತದೆ, ನಾವು ಚಾದರ ಮಡಚಿಕೊಂಡು ಹೋದರಾಯಿತು. ಅಲ್ಲಿ ಹಾಗಲ್ಲವೆಂದು ಯಾರಿಗೆ ಗೊತ್ತಿತ್ತು?

ನಮ್ಮೂರಿನಲ್ಲಿ ಆಗ ಇಂಟರ್ನೆಟ್ ಇರಲಿಲ್ಲ. ಅಬ್ಬಾನ ಔಷಧ ತರಲು ತಾಲೂಕಿನ ಊರಾದ ಜತ್ತಕ್ಕೆ ಹೋದಾಗೆಲ್ಲ ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಯಲ್ಲಿ ಕೂತು ಬರುತ್ತಿದ್ದೆವು. ಒಂದು ದಿನ ಲೋಡ್‌ಶೆಡ್ಡಿಂಗ್ ಮುಗಿಯುವವರೆಗೆ ಕಟ್ಟೆಯ ಮೇಲೆ ಕಾದು ಒಳಗೆ ಹೋದೆವು. ತಂಗಿ ಮೇಲ್ ತೆರೆದವಳು ನೆಟ್ಟಗೆ ಕೂತಳು.

"ಆಪಾ, ಸೀಟ್ ಖಾಲಿ ಆಗೇತಿ. ನಿನ್ನೆ ಸಂಜೀಕ ಮೇಲ್ ಕಳ್ಸ್ಯಾರ. ಇಪ್ಪತ್ನಾಕ ತಾಸಿನ್ಯಾಗ ನಾನ ರಿಜಿಸ್ಟರ್ ಮಾಡ್ಬೇಕಂತ. ಇಲ್ಲಂದ್ರ ಮುಂದಿನಾಂವಗ ಹೋಗ್ತದಂತ."

"ಮಾಡ್ ಮತ್ತ, ಯಾಕ ಕುಂತಿ?"

ಒತ್ತಿದಳು. ಪೋರ್ಟಲ್ ಕೆಂಪಕ್ಷರದಲ್ಲಿ ಇಲ್ಲ ಎಂದಿತು. ಹೆಸರಿನ ಮೇಲೆ ಹೋಲ್ಡ್, ಅಂದರೆ ತಡೆ, ಇದೆ; ನೋಂದಣಿ ಸಾಧ್ಯವಿಲ್ಲ. ಯಾವ ಹೋಲ್ಡ್ ಎಂಬುದು ಬೇರೆಯೇ ಪುಟದಲ್ಲಿತ್ತು. ಅದನ್ನು ತೆರೆದಾಗ ಗೊತ್ತಾಯಿತು: ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದವರು ಹಾಕಿದ್ದು. ದಡಾರದ ಲಸಿಕೆಯ ಎರಡನೇ ಡೋಸಿನ ದಾಖಲೆ ಬಂದಿಲ್ಲ. ಹೋಗುವಾಗ ಒಂದು ಡೋಸ್ ಹಾಕಿಸಿಕೊಂಡಿದ್ದಳು, ಎರಡನೆಯದಕ್ಕೆ ಸಮಯ ಕೊಟ್ಟಿದ್ದರು, ಆ ಗಡುವು ರಜೆಯಲ್ಲಿ ಮುಗಿದಿತ್ತು. ಮೊದಲೇ ತೆಗೆದುಕೊಂಡ ಎರಡು ವಿಷಯಗಳು ಹಾಗೇ ಇದ್ದವು. ವೇಟಿಂಗ್ ಲಿಸ್ಟಿನಲ್ಲಿ ಹೆಸರೂ ಇತ್ತು. ಹೊಸದೊಂದನ್ನು ಸೇರಿಸಲು ಮಾತ್ರ ಬಾಗಿಲು ಮುಚ್ಚಿತ್ತು.

ಜತ್ತದಲ್ಲಿ ಆ ಲಸಿಕೆ ಇದ್ದದ್ದು ಮಕ್ಕಳ ಡಾಕ್ಟರ ಹತ್ತಿರ. ಅಳುವ ಕೂಸುಗಳ ನಡುವೆ ತಂಗಿ ದುಪಟ್ಟಾ ಮುಖದ ತನಕ ಎಳೆದುಕೊಂಡು ಕೂತಳು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಕೇಳಿದಳು, "ನಿಮ್ಮ ಕೂಸ ಎಲ್ಲೈತ್ರಿ?"

ತಂಗಿಯನ್ನು ತೋರಿಸಿದೆ.

"ಅಯ್ ನಮ್ಮವ್ವಾ, ಭಾಳ ಬೆಳದೈತಲ್ರಿ! ಏನ ತಿನಸ್ತೀರಿ?"

ಅವತ್ತು ನಾವು ನಕ್ಕದ್ದು ಅಷ್ಟೇ. ಡಾಕ್ಟರು ಚುಚ್ಚಿ, ಇಂಗ್ಲಿಷಿನಲ್ಲಿ ಪ್ರಮಾಣಪತ್ರ ಬರೆದು ಶಿಕ್ಕಾ ಒತ್ತಿದರು. ಕೆಫೆಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದೆವು. ಆದರೆ ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಆರೋಗ್ಯ ಕೇಂದ್ರದ ಬಾಗಿಲು ತೆರೆಯುವುದು ನಮ್ಮ ಸಂಜೆಯ ಮಗ್ರಿಬ್ ನಮಾಜಿನ ಸುಮಾರಿಗೆ, ಸೀಟಿನ ಅವಧಿ ಮುಗಿಯುವುದು ಅದಾದ ಸ್ವಲ್ಪ ಹೊತ್ತಿಗೆ.

ಮಸೀದಿಯಲ್ಲಿ ಬಾಂಗ್ ಕೂಗುತ್ತಿರುವಾಗಲೇ ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿದಳು. ಆ ಕಡೆಯ ಹೆಣ್ಣುಮಗಳು ಬಹಳ ಸಮಾಧಾನದವಳಂತೆ. ಪತ್ರ ಬಂದಿದೆ, ಸರದಿಯ ಪ್ರಕಾರ ನೋಡಿ ಇವತ್ತೇ ಹೋಲ್ಡ್ ತೆಗೆಯುತ್ತೇವೆ ಎಂದಳಂತೆ. ಇವತ್ತೇ ಅಂದರೆ ಅವರ ಇವತ್ತು. ತಂಗಿ ಮತ್ತೆ ಕೆಫೆಗೆ ಬಂದು ಪುಟವನ್ನು ತೆರೆದಳು, ಮುಚ್ಚಿದಳು, ತೆರೆದಳು. ಹೋಲ್ಡ್ ಅಲ್ಲೇ ಇತ್ತು. ಕೊನೆಗೊಮ್ಮೆ ತೆರೆದಾಗ ವೇಟಿಂಗ್ ಲಿಸ್ಟಿನಿಂದ ಅವಳ ಹೆಸರೇ ಹೋಗಿತ್ತು. ಮಂದಿ ತುಂಬಿಕೊಂಡು ಓಡುವ ವಡಾಪ ಜೀಪಿನಲ್ಲಿ ಹಿಂದಿನ ಸೀಟಿಗೆ ಕೂತು ಮನೆಗೆ ಬಂದೆವು. ಚುಚ್ಚಿಸಿಕೊಂಡ ತೋಳನ್ನು ಅವಳು ದಾರಿಯುದ್ದಕ್ಕೂ ಹಿಡಿದುಕೊಂಡೇ ಇದ್ದಳು.

ಮರುದಿನ ಹೋದಾಗ ಹೋಲ್ಡ್ ತೆಗೆದಿದ್ದರು. ಮತ್ತೆ ಹೆಸರು ಹಚ್ಚಿದರೆ ಹನ್ನೊಂದನೆಯದು. ವೀಸಾದವರ ಲೆಕ್ಕಕ್ಕೆ ಮೂರು ವಿಷಯ ಬೇಕು, ವೇಟಿಂಗ್‌ನಲ್ಲಿರುವುದನ್ನು ಅವರು ಹಿಡಿಯುವುದಿಲ್ಲ. ಹಾಗಾಗಿ ಬೇಡದ ಒಂದು ವಿಷಯವನ್ನು ತುಂಬಿಸಿಟ್ಟು, ಲ್ಯಾಬಿನ ಪ್ರೊಫೆಸರಿಗೆ ಬರೆದಳು. ಉತ್ತರ ಎರಡು ದಿನಕ್ಕೆ ಬಂತು. ಮೇಜುಗಳು ಇರುವಷ್ಟೇ, ಹೆಚ್ಚಿಗೆ ಯಾರನ್ನೂ ಸೇರಿಸಲಾಗದು. ಆದರೆ ಮೊದಲ ತರಗತಿಗೆ ಬಾರದವರ ಹೆಸರು ತೆಗೆಯುತ್ತೇನೆ. ಆ ಜಾಗವನ್ನು ಅವತ್ತು ಎದುರಿಗೆ ಇದ್ದವರಿಗೆ ಕೊಡುತ್ತೇನೆ. ಯಾರು ಮೊದಲು ಮುಗಿಸಬೇಕೋ ಅವರಿಗೆ ಮೊದಲು. ಹೊಸ ವಿಷಯ ಸೇರಿಸಲು ಆ ವಾರವೇ ಕಡೆ.

ಮೊದಲ ತರಗತಿ ಮತ್ತು ಅಬ್ಬಾನ ಆಪರೇಷನ್ ಒಂದೇ ವಾರದಲ್ಲಿದ್ದವು.

ಮನೆಗೆ ಬಂದು ಹೇಳಿದವಳು ತಾನೇ ತೀರ್ಮಾನವನ್ನೂ ಹೇಳಿಬಿಟ್ಟಳು. "ನಾ ಹೋಗೂದಿಲ್ಲ ಅಬ್ಬಾ. ಒಂದ ವರ್ಷ ತಡಾ ಆದ್ರ ಆಗ್ಲಿ."

ಅಮ್ಮಾ ಒಲೆಯ ಮುಂದಿನಿಂದ, "ಹೂಂ, ಇರ್ಲಿ ಬಿಡ್ರಿ" ಎಂದಳು. ಅಬ್ಬಾ ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡ.

"ನಾ ನಿನಗ ಅರ್ಧಾನ ಹೇಳಿದ್ದೆ," ಎಂದ. "ಚಾರ್ಟ್ ಆದ ಮ್ಯಾಲೂ ಬರ್ಥ್ ಸಿಗತಾವ. ಯಾರಿಗೆ? ಗಾಡಿ ಹತ್ತಿ, ಟೀಸಿ ಎದುರಿಗೆ ನಿಂತಾಂವಗ. ಮನ್ಯಾಗ ಕುಂತಾಂವಗ ಅಲ್ಲ. ನೀ ಹೋಗಿ ನಿಂದ್ರು."

"ನಿಮ್ಮ ಮಾತ..."

"ಇಷ್ಟ ದಿನಾ ಮಾತಾಡೇನಲ್ಲ, ಕೇಳಿಲ್ಲೇನ? ಹೊಸಾದೇನ ಹೇಳಾಂವ ಇದ್ದೆ?" ಎಂದು ನಗಲು ಹೋಗಿ ಕೆಮ್ಮಿದ.

ಉಳಿದ ದಿನಗಳಲ್ಲಿ ಅವರಿಬ್ಬರೂ ದೊಡ್ಡ ಮಾತೇನೂ ಆಡಲಿಲ್ಲ. ಯಾವ ತಳಿಯ ದಾಳಿಂಬೆ ಸಿಪ್ಪೆ ದಪ್ಪ, ಯಾವುದು ಲಾರಿಯಲ್ಲಿ ಬೇಗ ಒಡೆಯುತ್ತದೆ, ಅಂಥವೇ. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಹೊರಟ ದಿನ ಬಸ್ ಬಿಡುವಾಗ ಅಬ್ಬಾ ಕಿಟಕಿಗೆ ಬಾಯಿಟ್ಟು ಹೇಳಿದ್ದು, "ಚೀಲ ಕಾಲಾಗ ಇಟ್ಕೋ, ಮ್ಯಾಲ ಇಡಬ್ಯಾಡ." ಅವಳು ಅವನ ಸ್ವರ ಕೇಳಿದ್ದು ಅದೇ ಕಡೆ.

ಆಪರೇಷನ್ ಆಗಿ ಎರಡು ದಿನಕ್ಕೆ ಮಿರಜಿನ ಆಸ್ಪತ್ರೆ ಎದುರಿನ ಬೂತಿಗೆ ಅವಳ ಫೋನ್ ಬಂತು. ಮೊದಲ ತರಗತಿಗೆ ಮೂವರು ಬಂದಿರಲಿಲ್ಲವಂತೆ. ಪ್ರೊಫೆಸರರು ಒಪ್ಪಿಗೆಯನ್ನು ಪೋರ್ಟಲ್‌ಗೆ ಹಾಕಿದ್ದರು, ಇವಳು ಅಲ್ಲೇ ಕೂತು ನೋಂದಾಯಿಸಿ, ತುಂಬಿಸಿಟ್ಟ ವಿಷಯವನ್ನು ಬಿಟ್ಟಳಂತೆ. "ಅಬ್ಬಾ ಹ್ಯಾಂಗದಾನ?" ಎಂದು ಕೇಳಿದವಳಿಗೆ ಚಲೋ ಇದ್ದಾನೆ ಎಂದೆ.

ವಾರ್ಡಿಗೆ ಬಂದು ಅಬ್ಬಾನ ಕಿವಿಯಲ್ಲಿ, "ಸೀಟ್ ಸಿಕ್ತಂತ" ಎಂದೆ. ರೂಢಿಯಂತೆ ತುಟಿ ಅಲ್ಲಾಡಿದವು. ಕುತ್ತಿಗೆಯ ನಳಿಗೆಯಿಂದ ಬರೀ ಗಾಳಿ ಬಂತು. ಅದನ್ನು ಕೇಳಿ ಅವನೇ ಒಂದು ಗಳಿಗೆ ದಂಗಾದ. ಆಮೇಲೆ ಮೆಲ್ಲಗೆ ಎರಡೂ ಕಾಲು ಮಡಚಿ, ಮಂಚದ ತುದಿಯಲ್ಲಿ ಜಾಗ ಮಾಡಿದ, ಗಾಡಿ ಹತ್ತಿ ಬಂದವರಿಗೆ ಸರಿದು ಕೊಡುವ ಹಾಗೆ.

ಆಪರೇಷನ್ ಆದಾಗಿನಿಂದ ಮಂಚದ ಪಕ್ಕ ನಿಂತೇ ಇದ್ದ ಅಮ್ಮಾ ಅಲ್ಲಿ ಕೂತಳು.