ಮಂಠಾಳಕ್ಕೆ ಮುಟ್ಟದ ಅಕ್ಷತೆ

ಅಪ್ಪ-ಅವ್ವನ ಅರವತ್ತರ ಶಾಂತಿಗೆ ಅವ್ವನ ತವರನ್ನು ಕರೆಯುವ ಕೆಲಸ ನನ್ನದಾಗಿತ್ತು. ನಾನು ಕರೆಯಲಿಲ್ಲ. ಕರೆದು ಬಂದೆ ಎಂದು ಅವ್ವನಿಗೆ ಹೇಳಿದೆ.

ಅಪ್ಪನಿಗೆ ಅರವತ್ತು ತುಂಬಿ, ಅವನು ಹುಟ್ಟಿದ ಸಂವತ್ಸರವೇ ಮತ್ತೆ ಬಂದಿತ್ತು. ಬಸವಕಲ್ಯಾಣದ ನಮ್ಮ ಅಂಗಳದಲ್ಲೇ ಅವರಿಬ್ಬರ ಮದುವೆ ಇನ್ನೊಮ್ಮೆ ಮಾಡೋಣ ಎಂದು ಅಕ್ಕ ಮತ್ತು ನಾನು ಗಟ್ಟಿ ಮಾಡಿದೆವು. ಇಂಥ ಮದುವೆಗೆ ಕರೆಯುವವರು ಮಕ್ಕಳು. ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನ ಹೆಸರು ಕಾರ್ಡಿನ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚಾಗಿ ಬಂದಾಗ ಹಿಗ್ಗಿ, ಒಂದು ಕಾರ್ಡನ್ನು ನನ್ನ ಆಟೋದ ಗಾಜಿಗೇ ಅಂಟಿಸಿಕೊಂಡು, ನಾನು ಬಾಡಿಗೆ ಹೊಡೆಯುವ ಹುಮನಾಬಾದ ತುಂಬ ತಿರುಗಿದೆ.

ಮೊದಲ ಕಾರ್ಡು ಮಾಣಿಕನಗರದ ಮಠದಲ್ಲಿ ದೇವರ ಮುಂದೆ ಇಟ್ಟೆ. ಎರಡನೆಯದು ಮಂಠಾಳದ ಮಾಮಾನಿಗೆ, ಅವ್ವನ ತಮ್ಮನಿಗೆ. ಅದನ್ನು ಮನೆಗೆ ಹೋಗಿ, ಕುಂಕುಮ ಹಚ್ಚಿ, ಕೈಯಲ್ಲಿ ಅಕ್ಷತೆ ಇಟ್ಟು, ಬಾಯಿಬಿಟ್ಟು ಕರೆದು ಕೊಡಬೇಕು. ಮಾಮಾ ಸಿಕ್ಕರೆ ಗಂಟೆಗಟ್ಟಲೆ ಕೂಡಿಸಿಕೊಂಡು ಗೇಲಿ ಮಾಡುತ್ತಾನೆ. ಅದೇ ಹೊತ್ತಿಗೆ ಅವನ ನೆರೆಮನೆಯವನು ನನ್ನ ಆಟೋ ಹತ್ತಿದ. ಕಾರ್ಡು ಅವನ ಕೈಗೆ ಕೊಟ್ಟು ಕಳಿಸಿಬಿಟ್ಟೆ.

ಶಾಂತಿಯ ದಿನ ಬೆಳಿಗ್ಗೆ ಕಲಶ ಕೂಡಿಸಿದ್ದಾಯಿತು, ಸಂಕಲ್ಪವೂ ಆಯಿತು. ಹೋಮಕ್ಕೆ ಬೆಂಕಿ ಹಚ್ಚುವಾಗ ಅವ್ವ ನನ್ನನ್ನು ಕರೆದಳು.

"ನಿಮ್ಮ ಮಾಮಾ ಎಲ್ಲಿ?"

"ಬರಾಕತ್ತಾನ ಅವ್ವ, ದಾರ್ಯಾಗ ಅದಾನ."

"ಕಲಶದ ನೀರು ಬಿದ್ದ ಮ್ಯಾಗ ಉಡೂ ಸೀರಿ ನನ್ನ ತಮ್ಮನ ಕೈಯಿಂದನ ಬರಬೇಕು. ಇಲ್ಲಾಂದ್ರ ಹಸಿ ಸೀರ್ಯಾಗ ಕುಂಡ್ರತೀನಿ, ತಾಳಿ ಕಟ್ಟಿಸ್ಕೊಳಂಗಿಲ್ಲ."

"ನನ್ನ ಮದುವಿ ಮುರದ್ರ ನಿನ್ನ ಬಿಡಾಂಗಿಲ್ಲ ನೋಡು," ಅಂದ ಅಪ್ಪ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ.

ಮಾಮಾ ಫೋನು ಎತ್ತಲಿಲ್ಲ. "ಹೋಮ ಎಷ್ಟೊತ್ತು ನಡೀತದ್ರಿ?" ಎಂದು ಭಟ್ಟರನ್ನು ಕೇಳಿದೆ. "ಎರಡು ತಾಸು," ಅಂದರು. ರೇಷ್ಮೆ ಧೋತರದಲ್ಲೇ ಆಟೋ ಚಾಲೂ ಮಾಡಿದೆ. ಧೋತರ ಗಾಳಿಗೆ ಹಾರುತ್ತಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಮಂಠಾಳ ಮುಟ್ಟಿದೆ.

ಮಾಮಾ ರುಮಾಲು ಸುತ್ತಿಕೊಂಡು, ತೊಡೆಯ ಮೇಲೆ ಸೀರೆಯ ಪೊಟ್ಟಣ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಬಾಗಿಲಲ್ಲಿ ಅವನ ಹೆಂಡತಿ, ನನ್ನ ಅತ್ತಿಯೂ ಹೂವು ಮುಡಿದು ನಿಂತಿದ್ದಳು.

"ಮಾಮಾ, ಯಾಕ ಬಂದಿಲ್ಲ?"

"ಕರದವರು ಯಾರು ಅಳಿಯಾ? ಕಾರ್ಡು ಬಂತು, ಓದಿದೆ. 'ಆಹೇರ ತರಬೇಡಿ' ಅಂತ ಅಚ್ಚು ಹಾಕಿಸೀರಿ. ಸೀರಿ ತಂದ್ರ ನಿಮ್ಮ ಮಾತು ಮೀರಿದಂಗ. ಖಾಲಿ ಕೈಲೆ ಬಂದ್ರ ನಮ್ಮಕ್ಕ ಬಡೀತಾಳ. ಅದಕ ಇಲ್ಲೇ ಕುಂತೀನಿ."

ಉಡುಗೊರೆ ಬೇಡ ಎನ್ನುವ ಆ ಸಾಲು ಊರವರಿಗಾಗಿ ಹಾಕಿಸಿದ್ದು. ತವರಿಗೆ ಅದು ಅನ್ವಯಿಸುವುದಿಲ್ಲ ಎಂದು ಹೇಳಬೇಕಾದವನು ನಾನು.

ಆತುರದಲ್ಲಿ ಅಕ್ಷತೆಯನ್ನೂ ತಂದಿರಲಿಲ್ಲ. ಅತ್ತಿಯೇ ಅಕ್ಕಿಗೆ ಅರಿಶಿನ ಕಲಸಿ, ಕುಂಕುಮದ ಭರಣಿ ಸಮೇತ ತಂದುಕೊಟ್ಟಳು. ಅವರ ಮನೆಯ ಅಕ್ಷತೆಯಿಂದಲೇ ಅವರನ್ನು ಕರೆದೆ.

"ಕೇಳ್ಸವಲ್ದು," ಅಂದ ಮಾಮಾ. "ಓಣಿಗೆ ಕೇಳುವಂಗ ಕರಿ."

ಒದರಿ ಕರೆದೆ. ಎದುರು ಮನೆಯ ಮುದುಕಿ, "ನಾನೂ ಬರ್ಲೇನಪಾ?" ಅಂದಳು. ಅವ್ವನಿಗೆ ಹೇಳಿದ ಸುಳ್ಳನ್ನು ಆಟೋದಲ್ಲಿ ಒಪ್ಪಿಕೊಂಡಾಗ ಮಾಮಾ, ಅತ್ತಿ, ನಾನು ಮೂವರೂ ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು.

ಪೂರ್ಣಾಹುತಿಗೆ ಸರಿಯಾಗಿ ಮುಟ್ಟಿದೆವು. "ಹದಿನೈದು ದಿನದ ಹಿಂದನ ಬಂದು ಕರದು ಹೋಗಿದ್ದ ಅಕ್ಕಾ, ನಾನೇ ತಡಾ ಮಾಡ್ದೆ," ಎಂದು ಮಾಮಾ ನನ್ನ ಸುಳ್ಳಿಗೆ ತನ್ನದೊಂದು ಸೇರಿಸಿದ. ಅವ್ವ ನನ್ನ ಕೆನ್ನೆ ಸವರಿದಳು. ಆ ಕೈ ನನಗೆ ಸುಟ್ಟಿತು.

ಇಬ್ಬರನ್ನೂ ಮಣೆಯ ಮೇಲೆ ಕೂಡಿಸಿ, ತಲೆಯ ಮೇಲೆ ಜರಡಿ ಹಿಡಿದು, ನಾನೂ ಅಕ್ಕನೂ ಕಲಶದ ನೀರು ಸುರಿದೆವು. "ಅಂದಿನ ಮದುವ್ಯಾಗ ಬಿಸಿನೀರು ಇತ್ತು," ಎಂದು ಅಪ್ಪ ನಡುಗಿದ. ಅವ್ವ ತಮ್ಮನ ಸೀರೆ ಉಟ್ಟು ಬಂದಳು. ಅಂತರಪಟದ ಆ ಕಡೆಯಿಂದ ಅಪ್ಪ ಇಣುಕಿ ನೋಡಿದಾಗ ಅಕ್ಕ ಬಟ್ಟೆಯನ್ನು ಇನ್ನೂ ಮೇಲೆತ್ತಿದಳು. "ನಲ್ವತ್ತು ವರ್ಷ ನೋಡೀರಿ, ಇನ್ನೊಂದು ನಿಮಿಷ ತಡೀರಿ," ಅಂದಳು ಅವ್ವ. ಅಕ್ಷತೆ ಬಿತ್ತು. ಹಳೆಯ ತಾಳಿ ಕೊರಳಲ್ಲಿರುವಂತೆಯೇ ಅಪ್ಪ ಹೊಸ ತಾಳಿ ಕಟ್ಟಿದ. ಮೊದಲ ಸಲ ಗಂಟು ಜಾರಿತು, ಎರಡನೇ ಸಲ ಕೂತಿತು.

ಅರವತ್ತು ದೀಪದ ಆರತಿ ಎತ್ತಿ ಕಾಲಿಗೆ ಬಿದ್ದೆವು. "ನನ್ನ ತವರು ಮರೀಲಾರದ ಮಗ," ಎಂದು ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟಳು. ಮಾಮಾ ಕಣ್ಣಲ್ಲೇ ಸುಮ್ಮನಿರು ಅಂದ. ನನಗೆ ಏಳಲಾಗಲಿಲ್ಲ.

"ಅವ್ವಾ, ನಾ ಮಂಠಾಳಕ್ಕ ಹೋಗಿದ್ದಿಲ್ಲ. ಕಾರ್ಡು ಯಾರದೋ ಕೈಲೆ ಕೊಟ್ಟು ಕಳಿಸಿ, ನಿನಗ ಸುಳ್ಳ ಹೇಳ್ದೆ. ಮಾಮಾನ್ನ ಕರದದ್ದು ಇವತ್ತು. ತಪ್ಪಾಗ್ಯಾದವ್ವ, ಹೊಟ್ಟ್ಯಾಗ ಹಾಕ್ಕೋ."