ಅಸಲಿನ ಮೇಲೆ ಬಿದ್ದ ಮುದ್ರೆ

ಜೆರಾಕ್ಸ್ ಅಕ್ಕನನ್ನು ಮೊದಲ ಸಲ ಕಂಡಾಗ ಈ ಸಾಲುಗಳನ್ನು ಬರೆಯುತ್ತಿರುವವನು ಆಕೆಯನ್ನು ಯಾವುದೋ ದೊಡ್ಡ ಅಧಿಕಾರಿಯೆಂದೇ ನಂಬಿದ್ದ. ಆಕೆಯ ಗತ್ತೇ ಹಾಗಿತ್ತು. ಕಾಲೇಜಿನ ಎದುರಿನ ಆ ಕಿರಿದಾದ ಅಂಗಡಿಯಲ್ಲಿ ಮೇಜಿನ ಹಿಂದೆ ನೇರವಾಗಿ ಕುಳಿತು, ಕೈಗೆ ಬಂದ ಪ್ರತಿ ಪ್ರಮಾಣಪತ್ರವನ್ನೂ ಮುಂದೆ ಹಿಂದೆ ತಿರುಗಿಸಿ, ಕನ್ನಡಕದ ಮೇಲಿಂದ ಒಮ್ಮೆ ತಂದವರ ಮುಖವನ್ನೂ ನೋಡುತ್ತಿದ್ದಳು. ಪಾಪ, ಈ ಬರೆಯುವವನೂ ಕೈಕಟ್ಟಿ ನಿಂತು, "ಮೇಡಮ್, ಇದಕ್ಕೆ ತಮ್ಮದೊಂದು ಸಹಿ, ಸೀಲು" ಎಂದ. ಆಕೆ ತಲೆ ಎತ್ತದೆ, "ಇಲ್ಲಿ ಕಾಪಿ ಮಾತ್ರ. ಸಹಿಗೆ ಎದುರುಗಡೆ ಹೋಗಿ" ಎಂದಳು.

ಹೀಗೆ ಊರಿನವರ ಅರ್ಜಿಗಳಿಗೆಲ್ಲ ನಕಲು ತೆಗೆದುಕೊಡುತ್ತಿದ್ದವಳಿಗೆ ತನ್ನದೇ ಒಂದು ಅರ್ಜಿ ಹಾಕುವ ಯೋಗ ಬಂತು. ಸರ್ಕಾರಿ ಒಡೆತನದ ವಿದ್ಯುತ್ ನಿಗಮದಲ್ಲಿ ಗುಮಾಸ್ತರ ಹುದ್ದೆಗಳು. ಭರ್ತಿ ಮಾಡಿದ ಅರ್ಜಿ, ಶುಲ್ಕದ ಡಿ.ಡಿ., ಗೆಜೆಟೆಡ್ ಅಧಿಕಾರಿ ದೃಢೀಕರಿಸಿದ ನಕಲುಗಳು, ಮೇಲೊಂದು ಕವರಿಂಗ್ ಲೆಟರ್. ಇಷ್ಟನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ನಿಗಮ ಇಂಥ ಪ್ರಕಟಣೆ ಹೊರಡಿಸುವುದು ವರ್ಷಗಳಿಗೊಮ್ಮೆ. ಮುಂದಿನದು ಬರುವಷ್ಟರಲ್ಲಿ ಅಕ್ಕನ ವಯಸ್ಸು ಮಿತಿ ದಾಟಿರುತ್ತದೆ. ಅಂದರೆ ಈ ಸಲ ಆಯಿತು ಅಂದರೆ ಆಯಿತು. ಇಲ್ಲದಿದ್ದರೆ ಜೆರಾಕ್ಸ್ ಮಿಷನ್ನಿನ ಹಸಿರು ಬೆಳಕೇ ಗತಿ.

ಅಕ್ಕ ತನ್ನ ಕಾಗದಗಳಿಗೆ ಅಂಗಡಿಯ ಹೊಸ ಮಿಷನ್ನಿನಲ್ಲಿ ಕಲರ್ ಕಾಪಿ ತೆಗೆದಳು. ಬೇಕಿರಲಿಲ್ಲ, ಕಪ್ಪುಬಿಳುಪೇ ಸಾಕಿತ್ತು. ಆದರೆ ದಿನವಿಡೀ ಪರರ ಕಾಗದ ತೆಗೆಯುವವಳಿಗೆ ತನ್ನದೊಂದಾದರೂ ಚೆಂದ ಬರಲಿ ಎಂಬ ಆಸೆ ಇರಬಾರದೇ? ಬಂತು. ಅಸಲು ಯಾವುದು ನಕಲು ಯಾವುದು ಎಂದು ಅಂಗಡಿಯ ಮಾಲೀಕನಿಗೇ ಗೊತ್ತಾಗದಷ್ಟು ಚೆಂದ ಬಂತು.

ಅಸಲು-ನಕಲುಗಳನ್ನೆಲ್ಲ ಜೋಡಿಜೋಡಿಯಾಗಿಟ್ಟುಕೊಂಡು ಎದುರಿನ ಸರ್ಕಾರಿ ಕಾಲೇಜಿನ ಪ್ರಾಂಶುಪಾಲರ ಕೋಣೆಗೆ ಹೋದಳು. ಪ್ರಾಂಶುಪಾಲರು ಫೋನಿನಲ್ಲಿದ್ದರು. ಯಾವುದೋ ಸಮಿತಿಗೆ ತಮ್ಮನ್ನೇ ಅಧ್ಯಕ್ಷರನ್ನಾಗಿ ಏಕೆ ಮಾಡಬೇಕು ಎಂಬುದನ್ನು ತಾವೇ ವಿವರಿಸುತ್ತಿದ್ದರು. ಅಟೆಂಡರ್ ಸೀಲು ಒತ್ತುವುದು, ಸಾಹೇಬರು ಫೋನು ಕಿವಿಗಾನಿಸಿಕೊಂಡೇ ಸಹಿ ಗೀಚುವುದು; ಕೆಲಸ ಭತ್ತ ಕುಟ್ಟಿದಂತೆ ಲಯವಾಗಿ ನಡೆದಿತ್ತು. ಹತ್ತನೇ ತರಗತಿಯ ಅಂಕಪಟ್ಟಿಯ ಸರದಿ ಬಂದಾಗ ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು.

"ಸಾರ್, ಸಾರ್! ಅದು ಅಸಲು!"

ಪ್ರಾಂಶುಪಾಲರು ಫೋನು ಇಳಿಸಿ ಕನ್ನಡಕ ಏರಿಸಿದರು. 'ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಿದೆ, ನಕಲು ಸರಿಯಾಗಿದೆ' ಎಂಬ ನೀಲಿ ಮುದ್ರೆ, ಕೆಳಗೆ ಅವರ ಸಹಿ, ಹೆಸರು, ಹುದ್ದೆ, ಎಲ್ಲವೂ ಪರೀಕ್ಷಾ ಮಂಡಳಿ ಕೊಟ್ಟ ಮೂಲ ಅಂಕಪಟ್ಟಿಯ ಮೇಲೆ ಜಮಾಯಿಸಿ ಕೂತಿದ್ದವು. ಕಲರ್ ಕಾಪಿ ಪಕ್ಕದಲ್ಲಿ ಬೋಳಾಗಿ ಬಿದ್ದಿತ್ತು.

"ಅಷ್ಟು ಚೆನ್ನಾಗಿ ಕಲರ್ ತೆಗೆದ್ರೆ ಯಾರಿಗೆ ಗೊತ್ತಾಗುತ್ತೆ ಅಕ್ಕ?" ಎಂದ ಅಟೆಂಡರ್, ತಪ್ಪೆಲ್ಲ ಮಿಷನ್ನಿನದು ಎಂಬಂತೆ.

"ಗಾಬರಿ ಯಾಕಮ್ಮ? ಅದರ ಮೇಲೆ ರದ್ದು ಅಂತ ಬರೆದು ಸಹಿ ಹಾಕ್ತೀನಿ" ಎಂದು ಪ್ರಾಂಶುಪಾಲರು ಪೆನ್ನು ಎತ್ತಿದರು.

"ಅಂಕಪಟ್ಟಿ ಮೇಲೆ ರದ್ದು ಅಂತಾನಾ? ಬೇಡ ಸಾರ್, ನಿಮಗೆ ಕೈ ಮುಗೀತೀನಿ!" ಅಕ್ಕ ಕಾಗದವನ್ನು ಎಳೆದುಕೊಂಡಳು.

ಅವರು ಬೋಳು ಕಾಪಿಯ ಮೇಲೂ ಮುದ್ರೆ ಹಾಕಿಸಿ ಸಹಿ ಮಾಡಿ, ಲೆಕ್ಕ ಚುಕ್ತಾ ಆಯಿತೆಂಬಂತೆ ಮತ್ತೆ ಫೋನು ಹಿಡಿದರು. ಈಗ ಅಕ್ಕನ ಬಳಿ ಎರಡು ಅಂಕಪಟ್ಟಿಗಳು. ಎರಡೂ ತಾವು ನಕಲೆಂದು ಸಹಿ ಸಮೇತ ಒಪ್ಪಿಕೊಂಡಿವೆ. ಹಾಗಾದರೆ ಅಸಲು ಎಲ್ಲಿ ಹೋಯಿತು? ರಸ್ತೆ ದಾಟುವಾಗ ಅವಳಿಗೇ ಒಂದು ಕ್ಷಣ ತಲೆ ಗಿರ್ರೆಂದಿತು. ಅಂಗಡಿಯಲ್ಲಿ ಕೂತು, ಮಂಡಳಿಯ ಉಬ್ಬುಮುದ್ರೆ ಬೆರಳಿಗೆ ಸಿಗುತ್ತದೆಯೇ ಎಂದು ಎರಡನ್ನೂ ಸವರಿ ನೋಡಿ, ಸಿಕ್ಕಿದ್ದಕ್ಕೆ ಗುರುತಿಗೆ ಪಿನ್ನು ಚುಚ್ಚಿಟ್ಟಳು.

ಮರುದಿನ ಪರೀಕ್ಷಾ ಮಂಡಳಿಯ ಕೌಂಟರಿನಲ್ಲಿ ಹೊಸ ಅಂಕಪಟ್ಟಿ ಸಿಗುತ್ತದೆಯೇ ಎಂದು ವಿಚಾರಿಸಿದಳು.

"ಕಳೆದುಹೋಗಿದೆಯಾ?" ಎಂದ ಒಳಗಿನವನು.

"ಇಲ್ಲ, ಇಲ್ಲೇ ಇದೆ."

"ಸುಟ್ಟಿದೆಯಾ, ಹರಿದಿದೆಯಾ?"

"ಇಲ್ಲ. ಇದರ ಮೇಲೆ ನಕಲು ಅಂತ ಸೀಲು ಬಿದ್ದಿದೆ."

"ಅಕ್ಷರ ಓದೋಕೆ ಬರುತ್ತಲ್ಲ? ಮತ್ತೆ ಎರಡನೇ ಪ್ರತಿ ಯಾಕೆ ಕೊಡೋಣ? ಕೊಟ್ಟರೂ ತಿಂಗಳುಗಟ್ಟಲೆ ಆಗುತ್ತೆ. ಮುಂದಿನವರು ಬನ್ನಿ."

ಅರ್ಜಿಯ ಕೊನೆಯ ದಿನ ಹತ್ತಿರವಿತ್ತು. ಕಳಿಸುವುದಕ್ಕೆ ನಕಲು ಸಾಕು. ಆದರೆ ಲಿಖಿತ ಪರೀಕ್ಷೆ ಪಾಸಾದವರು ದಾಖಲೆ ಪರಿಶೀಲನೆಯ ದಿನ ಮೂಲಪ್ರತಿ ತೋರಿಸಲೇಬೇಕು, ತೋರಿಸದಿದ್ದರೆ ಅವತ್ತೇ ಮನೆಗೆ ಎಂದು ಪ್ರಕಟಣೆಯಲ್ಲಿ ದಪ್ಪಕ್ಷರದಲ್ಲಿತ್ತು. ಕಲರ್ ಕಾಪಿ ತೆಗೆಯುವ ಅಂಗಡಿಯವಳು ಮುದ್ರೆ ಬಿದ್ದ ಅಂಕಪಟ್ಟಿ ತಂದು ಇದೇ ಅಸಲು ಎಂದರೆ ಯಾರು ನಂಬುತ್ತಾರೆ?

ಮನೆಯಲ್ಲಿ ಚಿಕ್ಕಪ್ಪ ಈ ಸುದ್ದಿಯನ್ನು ಕಣ್ಣು ಮುಚ್ಚಿಕೊಂಡು ಕೇಳಿದರು. ಅವರು ಖಜಾನೆ ಕಚೇರಿಯ ನಿವೃತ್ತ ಅಧೀಕ್ಷಕರು. ನಿವೃತ್ತಿ ಆಗಿದ್ದು ಕಚೇರಿಯಿಂದ ಮಾತ್ರ; ಮನೆಯಲ್ಲಿ ಹಾಲಿನವನು ಬಾರದಿದ್ದರೂ 'ಕಾರಣ ಕೇಳಿ' ನೋಟಿಸು ಬರೆಯುವವರು. ಅಕ್ಕನ ಕವರಿಂಗ್ ಲೆಟರನ್ನು ಅವರಾಗಲೇ ಸಿದ್ಧ ಮಾಡಿದ್ದರು. ಮೂರು ಪುಟ. 'ತಮ್ಮ ಅಮೂಲ್ಯ ಅವಗಾಹನೆಗೆ ತರಬಯಸುವುದೇನೆಂದರೆ' ಎಂದು ಹೊರಟ ವಾಕ್ಯ ಮೊದಲ ಪುಟದ ತುದಿಯಲ್ಲೂ ಇನ್ನೂ ಬಯಸುತ್ತಲೇ ಇತ್ತು. ಎರಡನೇ ಪುಟದಲ್ಲಿ ಅವರ ಸ್ವಂತ ಸೇವಾ ಚರಿತ್ರೆ ಇಣುಕಿತ್ತು.

"ಮುದ್ರೆ ವಿಷಯ ಇದರಲ್ಲಿ ಬರೀಬೇಕು ಚಿಕ್ಕಪ್ಪ."

"ಹುಚ್ಚಾ ನಿಂಗೆ? ಕೇಳದೇ ಇರೋದನ್ನ ಹೇಳಿದ್ರೆ ಮಲಗಿರೋ ಫೈಲು ಎದ್ದು ಕೂತ್ಕೊಳುತ್ತೆ. ಕವರಿಂಗ್ ಲೆಟರ್ ಅಂದ್ರೆ ಗೌರವಪೂರ್ವಕವಾಗಿ ಮುಚ್ಚೋದು ಕಣಮ್ಮ, ಬಿಚ್ಚೋದಲ್ಲ."

"ಅವರು ಕೇಳಿದ ದಿನ ಹೇಳಿದ್ರೆ ಆಗ ಕಟ್ಟಿದ ಕತೆ ಅಂತಾರೆ. ಮೊದಲೇ ಹೇಳಿದ್ರೆ..."

"ಮೊದಲೇ ಹೇಳಿದ್ರೆ ಮೊದಲೇ ತೆಗೆದು ಬಿಸಾಡ್ತಾರೆ!"

"ರೀ, ಕೆಲಸ ಬೇಕಾಗಿರೋದು ಅವಳಿಗೆ. ನೀವು ಯಾಕೆ ಇನ್ನೊಂದ್ಸಲ ಡ್ಯೂಟಿಗೆ ಹೊರಟಿದ್ದೀರಿ?" ಎಂದಳು ಚಿಕ್ಕಮ್ಮ ಅಡುಗೆಮನೆಯಿಂದ.

ಅಕ್ಕನಿಗೆ ಇಬ್ಬರ ಮಾತೂ ಸರಿ ಎನಿಸಿತು, ಆಮೇಲೆ ಯಾರದೂ ಸರಿಯಲ್ಲ ಎನಿಸಿತು. ಕೊನೆಗೆ ತಾನೇ ಒಂದು ಹಾಳೆ ತೆಗೆದುಕೊಂಡು ಬರೆದಳು. ವಿಷಯ: ಗುಮಾಸ್ತರ ಹುದ್ದೆಗೆ ಅರ್ಜಿ. ಉಲ್ಲೇಖ: ಪ್ರಕಟಣೆಯ ಸಂಖ್ಯೆ, ದಿನಾಂಕ. ಅರ್ಜಿ ಸಲ್ಲಿಸುತ್ತಿದ್ದೇನೆ, ಡಿ.ಡಿ. ಇಂಥದ್ದು, ಲಗತ್ತುಗಳು ಇಂಥವು. ಕೊನೆಗೆ: 'ನನ್ನ ಹತ್ತನೇ ತರಗತಿಯ ಮೂಲ ಅಂಕಪಟ್ಟಿಯ ಮೇಲೂ ತಪ್ಪಿನಿಂದ ದೃಢೀಕರಣ ಮುದ್ರೆ ಬಿದ್ದಿದೆ. ಈ ಬಗ್ಗೆ ಸಹಿ ಮಾಡಿದ ಅಧಿಕಾರಿಯ ಪತ್ರ ಲಗತ್ತಿಸಿದ್ದೇನೆ.'

ಆ ಪತ್ರಕ್ಕಾಗಿ ಮತ್ತೆ ಕಾಲೇಜಿಗೆ ಅಲೆದದ್ದೂ ಆಯಿತು. ತಪ್ಪಾಯಿತು ಎಂದು ಬರೆಯಲು ಪ್ರಾಂಶುಪಾಲರಿಗೆ ಕೈ ಬರಲಿಲ್ಲ. 'ಪರಿಶೀಲನೆಯ ಸಂದರ್ಭದಲ್ಲಿ ಮೂಲ ಅಂಕಪಟ್ಟಿಯ ಮೇಲೆ ಮುದ್ರೆ ಬಿದ್ದಿರುತ್ತದೆ' ಎಂದು ಬರೆದುಕೊಟ್ಟರು. ಸೂರಿನಿಂದ ಹಲ್ಲಿ ಬಿದ್ದ ಹಾಗೆ! ಇರಲಿ, ಸಹಿ ಮಾತ್ರ ಈ ಸಲ ನೋಡಿ ಹಾಕಿದರು.

ಚಿಕ್ಕಪ್ಪ ತಮ್ಮ ಮೂರು ಪುಟದ ಪತ್ರಕ್ಕೂ ಅಕ್ಕ ಬರೆದ ಪತ್ರಕ್ಕೂ ಅವಳ ಸಹಿ ತೆಗೆದುಕೊಂಡರು. "ಇರಲಿ, ಯಾವುದಕ್ಕೂ. ಕವರು ಅಂಟಿಸೋದು, ರಿಜಿಸ್ಟರ್ ಮಾಡ್ಸೋದು ನನಗೆ ಬಿಡು. ನಿನಗೆ ಅಂಗಡಿಗೆ ಹೊತ್ತಾಯ್ತು." ಸಂಜೆ ಅವಳು ಬರುವಷ್ಟರಲ್ಲಿ ಅಂಚೆಯ ರಸೀದಿ ಮೇಜಿನ ಮೇಲಿತ್ತು.

"ಚಿಕ್ಕಪ್ಪ, ಯಾವ ಪತ್ರ ಹಾಕಿದ್ರಿ?"

"ಸರಿಯಾದ್ದನ್ನೇ ಹಾಕಿದ್ದೀನಿ."

"ಸರಿಯಾದ್ದು ಅಂದ್ರೆ?"

"ನನ್ನ ಸರ್ವಿಸ್‌ನಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿಲ್ಲ" ಎಂದು ಅವರು ಮುಖ ಊದಿಸಿಕೊಂಡು ಪೇಪರಿನ ಹಿಂದೆ ಮರೆಯಾದರು.

ಆಮೇಲೆ ಎಷ್ಟು ಕೇಳಿದರೂ ಅದೇ ಉತ್ತರ. ಅಕ್ಕ ಪರೀಕ್ಷೆಗೆ ಓದುವಾಗಲೂ ಇದೇ ಗೊಂದಲ. ಅಂಗಡಿಯಲ್ಲಿ ಒಬ್ಬರ ಪಡಿತರ ಚೀಟಿಯನ್ನು ಇನ್ನೊಬ್ಬರ ಮದುವೆ ಪತ್ರಿಕೆಯ ಜೊತೆ ಪಿನ್ನು ಹಾಕಿ ಕಳಿಸಿದಳು. ಆದರೂ ಹೇಗೋ ಪರೀಕ್ಷೆ ಬರೆದಳು, ಪಾಸೂ ಆದಳು. ದಾಖಲೆ ಪರಿಶೀಲನೆಗೆ ಕರೆ ಬಂತು.

ನಿಗಮದ ಕಚೇರಿಯಲ್ಲಿ ಚಿಕ್ಕಪ್ಪನನ್ನು ಹೊರಗಿನ ಬೆಂಚಿಗೆ ಕೂರಿಸಿ ಅಕ್ಕ ಒಳಗೆ ಹೋದಳು. ಮೇಜಿನ ಹಿಂದಿನ ಗುಮಾಸ್ತ ಅಂಕಪಟ್ಟಿ ನೋಡಿ ಹಿಂದಕ್ಕೆ ತಳ್ಳಿದ.

"ಮೇಡಮ್, ಇದು ಅಟೆಸ್ಟೆಡ್ ಕಾಪಿ. ಒರಿಜಿನಲ್ ಕೊಡಿ."

"ಇದೇ ಒರಿಜಿನಲ್ ಸಾರ್."

"ನಕಲು ಸರಿಯಾಗಿದೆ ಅಂತ ಗೆಜೆಟೆಡ್ ಅಧಿಕಾರಿ ಹೇಳ್ತಿದ್ದಾರೆ. ನೀವು ಅಲ್ಲ ಅಂತೀರಿ. ನಾನು ಯಾರನ್ನ ನಂಬಲಿ?"

"ನನ್ನ ಕವರಿಂಗ್ ಲೆಟರ್ ನೋಡಿ ಸಾರ್" ಎಂದಳು. ಯಾವ ಪತ್ರವನ್ನು ನೋಡಲು ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

ಗುಮಾಸ್ತ ಫೈಲಿನ ದಾರ ಬಿಚ್ಚಿದ. "ತಮ್ಮ ಅಮೂಲ್ಯ ಅವಗಾಹನೆಗೆ..." ಎಂದು ಓದತೊಡಗಿದ. ಅಂದರೆ ಚಿಕ್ಕಪ್ಪ ಮುಚ್ಚಿಯೇ ಬಿಟ್ಟಿದ್ದರು. ಗುಮಾಸ್ತ ಮೊದಲ ಪುಟ ತಿರುವಿದ, ಎರಡನೆಯದನ್ನು ತಿರುವಿದ, ಮೂರನೆಯದರ ಕೊನೆಯಲ್ಲಿ ನಿಂತ.

"ಲಗತ್ತುಗಳ ಪಟ್ಟಿಯಲ್ಲಿ ಕಡೇದು 'ಅಭ್ಯರ್ಥಿಯ ಕವರಿಂಗ್ ಲೆಟರ್' ಅಂತಿದೆ. ಕವರಿಂಗ್ ಲೆಟರಿಗೆ ಕವರಿಂಗ್ ಲೆಟರ್ ಲಗತ್ತು ಮಾಡಿದ್ದೀರಾ?" ಕೆಳಗಿನ ಹಾಳೆ ಎತ್ತಿ ಓದಿದ. ಪ್ರಾಂಶುಪಾಲರ ಪತ್ರವನ್ನೂ ಓದಿದ. "ಹೂಂ. ಇದು ನಿಮ್ಮದು. ಹಾಗಾದ್ರೆ ಮೇಲಿಂದು?"

"ಸಹಿ ನಂದು. ಮಾತು ಚಿಕ್ಕಪ್ಪಂದು."

"ಅವರಿಗೂ ಹುದ್ದೆ ಬೇಕಂತಾ?"

"ವಯಸ್ಸು ಮೀರಿದೆ ಸಾರ್."

ಗುಮಾಸ್ತ ನಗು ತಡೆದುಕೊಂಡು, ಅಂಕಪಟ್ಟಿಯನ್ನು ಕಿಟಕಿಗೆ ಹಿಡಿದು, ಉಬ್ಬುಮುದ್ರೆ ಸವರಿ, ಫೈಲಿನೊಂದಿಗೆ ಒಳಕೋಣೆಗೆ ಹೋದ. ಮರಳುವಾಗ ಒಳಗಿನ ಸಾಹೇಬರ ಟಿಪ್ಪಣಿ ತಂದಿದ್ದ: 'ಅಭ್ಯರ್ಥಿ ಅರ್ಜಿಯೊಂದಿಗೇ ತಿಳಿಸಿರುತ್ತಾರೆ. ಮಂಡಳಿಯಿಂದ ಖಚಿತಪಡಿಸಿಕೊಳ್ಳುವ ಷರತ್ತಿನ ಮೇಲೆ ಒಪ್ಪಿದೆ.'

ಮಂಡಳಿ ನಿಧಾನವಾಗಿ ಖಚಿತಪಡಿಸಿತು. ನೇಮಕದ ಆದೇಶ ಬಂತು. ಬಂದ ದಿನ ಚಿಕ್ಕಪ್ಪ ಅದನ್ನು ಬೀದಿಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿ, ಹಗುರಾಗಿ ಕೆಮ್ಮಿ, ಜನರ ಎದುರಿಗೇ ಅಕ್ಕನನ್ನು ಕೇಳಿದರು:

"ಈಗಲಾದ್ರೂ ನಿಜ ಹೇಳಮ್ಮ. ನಿನಗೆ ಈ ಕೆಲಸ ಕೊಡಿಸಿದ್ದು ಯಾವ ಪತ್ರ? ಮೇಲಿಂದಾ, ಕೆಳಗಿಂದಾ?"

"ಪರೀಕ್ಷೆ ಬರೆದೆ ಚಿಕ್ಕಪ್ಪ, ಪಾಸಾದೆ" ಎಂದಳು ಜೆರಾಕ್ಸ್ ಅಕ್ಕ.