ಮುನಿಗಂಗಪ್ಪನ ಹಿತ್ತಾಳೆ ಕಡ್ಡಿ

ಜಂಗಮಕೋಟೆಯ ಪಶು ಚಿಕಿತ್ಸಾಲಯದ ಸ್ಟಾಕ್‌ಮನ್ ಮುನಿಗಂಗಪ್ಪ ತನ್ನನ್ನು ಬುದ್ಧಿವಂತ ಅಂದುಕೊಂಡಿದ್ದು ಒಟ್ಟು ಹನ್ನೆರಡು ದಿನ. ಅದು ಅರವತ್ತೊಂಬತ್ತನೇ ಇಸವಿಯ ಬೇಸಿಗೆ. ಅಲ್ಲಿಯವರೆಗೆ ಅವನನ್ನು ದನದ ಕಾಂಪೌಂಡರ್ ಎಂದು ಕರೆಯುತ್ತಿದ್ದ ಊರು, ಲಾರಿಯಿಂದ ಆ ಫ್ಲಾಸ್ಕ್ ಇಳಿದ ದಿನದಿಂದ ಡಾಕ್ಟ್ರೇ ಅನ್ನತೊಡಗಿತ್ತು. ಅವನೂ ಬೇಡವೆನ್ನಲಿಲ್ಲ.

ಫ್ಲಾಸ್ಕ್ ಎಂದರೆ ಹಾಲಿನ ಕ್ಯಾನಿನಷ್ಟು ದೊಡ್ಡದು, ಕತ್ತು ಮಾತ್ರ ಸಣ್ಣ. ಒಳಗೆ ಇಪ್ಪತ್ತು ಕಿಲೋ ದ್ರವ ಸಾರಜನಕ. ಅದರಲ್ಲಿ ಮುಳುಗಿದ ಡಬ್ಬಿಯಲ್ಲಿ ಸೀಮೆ ಹೋರಿಯ ವೀರ್ಯ ತುಂಬಿದ ನಲವತ್ತು ಗಾಜಿನ ಆಂಪೂಲು. ಸಾರಜನಕ ಆರಿಹೋದರೆ ನಲವತ್ತೂ ಸತ್ತಂತೆ. ಮೂರು ವಾರಕ್ಕೊಮ್ಮೆ ಲಾರಿ ಬಂದು ತುಂಬಿಸುತ್ತದೆ, ಅಲ್ಲಿಯವರೆಗೆ ಕಾಯಬೇಕು.

ತರಬೇತಿಯಲ್ಲಿ ಡಾಕ್ಟರ್ ಚೆನ್ನರಾಯಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ಗಾಳಿ ತೆಗೆದಿದ್ದಾರೆ, ಆದ್ದರಿಂದ ಅಲ್ಲಿ ಶಾಖ ಹರಿಯುವುದು ವಿಕಿರಣವಾಗಿ ಮಾತ್ರ; ಕನ್ನಡಿಯಂತೆ ಹೊಳೆಯುವ ಗೋಡೆ ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ಇನ್ನೊಂದು ದಾರಿ ಕತ್ತು. ಅದಕ್ಕೇ ಕತ್ತನ್ನು ಶಾಖ ಸುಲಭವಾಗಿ ಸಾಗದಂಥ ಉಕ್ಕಿನಲ್ಲಿ, ಕಾಗದದಷ್ಟು ತೆಳುವಾಗಿ ಮಾಡಿದ್ದಾರೆ. ಎರಡೂ ಸೇರಿ ದಿನಕ್ಕೆ ನಾನೂರು ಗ್ರಾಂ ಆವಿಯಾಗುತ್ತದೆ. ಅದಕ್ಕಿಂತ ಜಾಸ್ತಿ ಹೋದರೆ, ಹೊರಗೋಡೆ ಬೆವರಿದರೆ, ನಡುವಿನ ನಿರ್ವಾತ ಕೆಟ್ಟಿದೆ ಎಂದರ್ಥ. ಮುನಿಗಂಗಪ್ಪ ಇದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದ. ಬರೆದುಕೊಂಡವನು ಓದಬೇಕು ಅನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಮಟ್ಟ ನೋಡಲು ಕೊಟ್ಟಿದ್ದು ಒಂದು ಬಡಕಲು ಮರದ ಕಡ್ಡಿ. ಅದ್ದಿ ತೆಗೆದು ಬೀಸಿದರೆ ಮಂಜು ಕಟ್ಟಿದಷ್ಟು ಎತ್ತರಕ್ಕೆ ಸಾರಜನಕ ಇದೆ ಎಂದು ತಿಳಿಯುತ್ತದೆ. ಡಾಕ್ಟ್ರೇ ಅನ್ನಿಸಿಕೊಂಡವನ ಕೈಗೆ ಅದು ಒಪ್ಪುತ್ತದೆಯೇ? ಚಿಂತಾಮಣಿಯ ಪಾತ್ರೆ ಅಂಗಡಿಯವನ ಹತ್ತಿರ ಪೆನ್ಸಿಲ್ ದಪ್ಪದ, ಎರಡಡಿ ಉದ್ದದ ಹಿತ್ತಾಳೆ ಕಡ್ಡಿ ಮಾಡಿಸಿದ. ಅಂಗುಲದ ಗೆರೆ, ತುದಿಗೆ ಗುಂಡು ಬೇರೆ. ಪದೇಪದೇ ಮುಚ್ಚಳ ತೆಗೆದರೆ ಒಳಗಿನ ತಂಪು ಹೋಗುತ್ತದಲ್ಲ ಎಂದು ಇನ್ನೂ ಬುದ್ಧಿ ಓಡಿಸಿ, ಬಿರಡೆಗೆ ತೂತು ಕೊರೆದು ಕಡ್ಡಿಯನ್ನು ತಳದವರೆಗೆ ಇಳಿಸಿ ಅಲ್ಲೇ ಬಿಟ್ಟ. ಹೊರಗೆ ಕಾಣುವ ಗುಂಡಿನ ಮೇಲೆ ಬೆಳ್ಳಗೆ ಮಂಜು ಕಟ್ಟಿತು. ಬಂದವರಿಗೆಲ್ಲ ಅದನ್ನು ತೋರಿಸಿ, "ನೋಡ್ರಪ್ಪ, ಏನ್ ಚಳಿ ಅಂತೀರಾ ಒಳಗೆ!" ಎಂದು ಜಂಬ ಕೊಚ್ಚಿಕೊಂಡ. ಯಾರೋ ಅದಕ್ಕೆ ಕುಂಕುಮವನ್ನೂ ಇಟ್ಟರು.

ಎಂಟನೇ ದಿನ ಕಡ್ಡಿ ಎಳೆದು ನೋಡುತ್ತಾನೆ, ಅರ್ಧ ಖಾಲಿ! ಫ್ಲಾಸ್ಕನ್ನು ಕಿಟಕಿಯಿಂದ ದೂರ ಸರಿಸಿದ, ಒದ್ದೆ ಗೋಣಿ ಸುತ್ತಿದ, ಗುಡಿಸುವ ಗಂಗುಲಪ್ಪ ಮುಚ್ಚಳ ತೆಗೆದಿದ್ದಾನೆಂದು ಅವನ ಮೇಲೆ ಹಾರಾಡಿದ. ಪಾಪ, ಗಂಗುಲಪ್ಪ ಅದರ ಹತ್ತಿರ ಹೋಗಲಿಕ್ಕೂ ಹೆದರುತ್ತಿದ್ದ. ಕೊನೆಗೆ ಮೇಲಿನವರಿಗೆ ಪತ್ರ ಬರೆದ: ನಿರ್ವಾತ ಕೆಟ್ಟಿದೆ, ಫ್ಲಾಸ್ಕ್ ದೋಷಪೂರಿತ. ಗೋಣಿ ಸುತ್ತುವ ಮುಂಚೆ ಹೊರಗೋಡೆ ಸೌದೆಯಂತೆ ಒಣಗಿತ್ತು. ಅದನ್ನು ಬರೆಯಲಿಲ್ಲ.

ಹನ್ನೊಂದನೇ ದಿನ ಉತ್ತರ ಬಂತು. ಇಪ್ಪತ್ತೊಂದನೇ ದಿನ ಡಾಕ್ಟರ್ ಚೆನ್ನರಾಯಪ್ಪನವರೇ ಲಾರಿಯಲ್ಲಿ ಬಂದು ಫ್ಲಾಸ್ಕ್ ವಾಪಸು ಒಯ್ಯುತ್ತಾರೆ; ಮುಂದಿನ ಫ್ಲಾಸ್ಕ್ ಬೇರೆ ಹೋಬಳಿಗೆ.

ಇದನ್ನು ಕೇಳಿ ಮೊದಲು ಬಂದವಳು ಪಕ್ಕದ ರೇಷ್ಮೆ ನೂಲಿನ ಮನೆಯ ಅಜೀಜಾ. ಅವಳ ಕೆಂದ ಹಸು ಮುಂದಿನ ಬೆದೆಗೆ ಬರಬೇಕಾದದ್ದು ಇಪ್ಪತ್ತೆರಡನೇ ದಿನದ ಸುಮಾರಿಗೆ. ಸೀಮೆ ತಳಿಯ ಕರು ಹುಟ್ಟಿದರೆ ಮನೆಯಲ್ಲಿ ಹಾಲಾಗುತ್ತದೆ ಎಂದು ಕಾದಿದ್ದಳು.

"ಅಣ್ಣಾ, ನಿಜವಾಗ್ಲೂ ಸೋರ್ತೈತಾ? ಅಂದಾಜಲ್ಲಿ ಹೇಳ್ಬೇಡ. ನಮ್ಮ ತಕ್ಕಡೀಲಿ ತೂಗು" ಅಂದಳು.

ರೇಷ್ಮೆಗೂಡು ತೂಗುವ ತಕ್ಕಡಿ. ಅವಳ ಗಂಡ ಜಿಯಾವುಲ್ಲಾ ಒದ್ದೆ ಗೋಣಿ ಬಿಚ್ಚಿಸಿ ಫ್ಲಾಸ್ಕ್ ತೂಗಿ ಸ್ಲೇಟಿನ ಮೇಲೆ ಗುರುತು ಹಾಕಿದ. ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಮತ್ತೆ ತೂಗಿದರು. ಒಂದು ಕಿಲೋ ಇನ್ನೂರು ಗ್ರಾಂ ಹೋಗಿತ್ತು. ನಾನೂರು ಹೋಗಬೇಕಾದಲ್ಲಿ ಅದರ ಮೂರರಷ್ಟು!

"ನೋಡ್ದ್ಯಾ? ನಿರ್ವಾತ ಹೋಗೈತೆ ಅಂದ್ನಲ್ಲ" ಅಂದ ಮುನಿಗಂಗಪ್ಪ. ಗೆದ್ದೆನೆಂದು ಮುಖ ಅರಳಿತ್ತು ಬೇರೆ.

ಅಜೀಜಾ ಗುಂಡಿನ ಮೇಲಿನ ಮಂಜನ್ನು ನೋಡುತ್ತಿದ್ದಳು. ಗೂಡು ಕುದಿಯುವ ನೀರಿನ ಮುಂದೆ ಕೂತು ಇಪ್ಪತ್ತು ವರ್ಷ ಬೆರಳು ಬೇಯಿಸಿಕೊಂಡವಳು.

"ಈ ಕಡ್ಡಿ ಯಾವಾಗ್ಲೂ ಒಳಗೇ ಇರ್ತೈತಾ?"

"ಇರ್ತೈತೆ. ಮುಚ್ಚಳ ತೆಗೀಬಾರ್ದು ಅಂತ ನಾನೇ ಮಾಡ್ಸಿದ್ದು."

"ಅಯ್ಯೋ ಅಣ್ಣಾ! ಕುದಿಯೋ ನೀರಲ್ಲಿ ಕಬ್ಬಿಣದ ಸೌಟು ಬಿಟ್ರೆ ಹಿಡಿ ಸುಡ್ತೈತೆ, ಅದಕ್ಕೇ ನಾವು ಬಿದಿರು ಹಿಡೀತೀವಿ. ನೀನು ಹಿತ್ತಾಳೆ ಇಟ್ಟಿದೀಯ. ಇಲ್ಲಿನ ಬಿಸಿಯೆಲ್ಲ ಅದ್ರ ಮೇಲೇ ಕೆಳಗಿಳೀತೈತಲ್ಲ!"

ಕತ್ತಿನ ಉಕ್ಕನ್ನು ಕಾಗದದಷ್ಟು ತೆಳು ಮಾಡಿ ಶಾಖವನ್ನು ತಡೆದವರ ಶ್ರಮವೆಲ್ಲ ಮುನಿಗಂಗಪ್ಪನ ಕಣ್ಣ ಮುಂದೆ ಬಂತು. ಆ ಕತ್ತಿನ ನಡುವೆಯೇ ಅವನು ಶಾಖಕ್ಕೆ ಹಿತ್ತಾಳೆಯ ಹೆದ್ದಾರಿ ಹಾಕಿಕೊಟ್ಟಿದ್ದ. ಅಂಗುಲದ ಗೆರೆ ಸಮೇತ. ಅದರ ತುದಿಗೆ ಕಟ್ಟಿದ ಮಂಜನ್ನು ಊರಿಗೆಲ್ಲ ತೋರಿಸಿ ಮೆರೆದಿದ್ದ.

ಕಡ್ಡಿ ಕಿತ್ತರು. ಬಿರಡೆಯ ತೂತಿಗೆ ಬೆಂಡು ತುರುಕಿದರು. ಆವಿ ಹೋಗಲು ಬಿರಡೆಯ ಪಕ್ಕದಲ್ಲಿ ಮೊದಲೇ ಇದ್ದ ಸಂದು ಹಾಗೇ ಇತ್ತು. ಮರುದಿನದ ತೂಕಕ್ಕೆ ನಾನೂರು ಗ್ರಾಂ. ಅದರ ಮರುದಿನ ನಾನೂರು. ಸ್ಲೇಟಿನ ಮೇಲೆ ಆ ಅಂಕಿ ಬಿದ್ದಾಗಲೆಲ್ಲ ಮುನಿಗಂಗಪ್ಪನಿಗೆ ಸಂತೋಷ ಅರ್ಧ, ಕಪಾಳಕ್ಕೆ ಹೊಡೆದಂತಾಗುವುದು ಅರ್ಧ.

ಎರಡನೇ ಪತ್ರ ಬರೆಯಲು ಕೂತ. "ಸದರಿ ಫ್ಲಾಸ್ಕ್" ಎಂದು ಬರೆದು ಹರಿದ. "ಅನಿವಾರ್ಯ ಕಾರಣಗಳಿಂದ" ಎಂದು ಬರೆದು ಹರಿದ. ಫ್ಲಾಸ್ಕ್ ಕೆಟ್ಟಿದ್ದೇ ನಿಜವೆಂದು ಬಿಟ್ಟರೆ ಅವನ ಮಾನ ಉಳಿಯುತ್ತಿತ್ತು. ಹೋಬಳಿಗೆ ಮಾತ್ರ ಏನೂ ಉಳಿಯುತ್ತಿರಲಿಲ್ಲ. ಹೀಗೆ ಹರಿಯುವುದರಲ್ಲೇ ಇಪ್ಪತ್ತೊಂದನೇ ದಿನ ಬಂತು.

ಲಾರಿ ನಿಂತಾಗ ಅರ್ಧ ಊರು ಸೇರಿತ್ತು. ಡಾಕ್ಟರ್ ಚೆನ್ನರಾಯಪ್ಪ ಇಳಿದವರೇ, "ಎಲ್ಲಪ್ಪ ಆ ಕೆಟ್ಟ ಫ್ಲಾಸ್ಕು? ಲಾರಿಗೆ ಹಾಕ್ಸು" ಅಂದರು. ಇಬ್ಬರು ಆಳುಗಳು ಹಿಡಿಕೆಗೆ ಕೈ ಹಾಕಿದರು. ಅಜೀಜಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದಳು.

"ಎತ್ಬೇಡ್ರಪ್ಪ" ಅಂದ ಮುನಿಗಂಗಪ್ಪ. ತನ್ನ ದನಿ ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ. "ಫ್ಲಾಸ್ಕು ಸರಿಯಾಗೈತೆ ಸಾರ್."

"ಕೆಟ್ಟಿದೆ ಅಂತ ನೀನೇ ಬರ್ದಿದೀಯಲ್ಲಯ್ಯ?"

"ಕೆಟ್ಟಿದ್ದು ಇಲ್ಲೈತೆ ಸಾರ್." ಕಡ್ಡಿಯನ್ನು ಮುಂದೆ ಹಿಡಿದ. "ಎರಡಡಿ ಉದ್ದ. ಹಿತ್ತಾಳೆದು. ಹಗಲೂ ರಾತ್ರಿ ಒಳಗೇ ಇಟ್ಟಿದ್ದೆ. ನಾನೇ ಮಾಡ್ಸಿದ್ದು, ಗಂಗುಲಪ್ಪಂದು ಏನೂ ತಪ್ಪಿಲ್ಲ. ಕಂಡು ಹಿಡಿದಿದ್ದು ಅಜೀಜಮ್ಮ."

ಮೊದಲು ಗಂಗುಲಪ್ಪ ನಕ್ಕ. ಅವನ ಹಿಂದೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜಿಯಾವುಲ್ಲಾ ಸ್ಲೇಟು ತಂದ. ಡಾಕ್ಟರು ಒಂಬತ್ತು ದಿನದ ಅಂಕಿಗಳನ್ನು ನಿಧಾನವಾಗಿ ಓದಿದರು, ಒಣಗಿದ ಹೊರಗೋಡೆ ಸವರಿದರು, ಮರದ ಕಡ್ಡಿ ಅದ್ದಿ ಬೀಸಿದರು. ತುದಿಯಲ್ಲಿ ಮಂಜು ಇತ್ತು. ಆಂಪೂಲುಗಳು ಬದುಕಿದ್ದವು.

"ತುಂಬ್ಸಿ ಇದನ್ನ. ಇಲ್ಲೇ ಇರ್ಲಿ" ಅಂದರು ಆಳುಗಳಿಗೆ.

ಮುನಿಗಂಗಪ್ಪ ಜೇಬಿನಿಂದ ಬೀಗದ ಕೈ ತೆಗೆದು ನೀಡಿದ. "ನೋಡ್ಕೊಳೋಕೆ ಬೇರೆ ಯಾರನ್ನಾದ್ರೂ ಹಾಕಿ ಸಾರ್."

"ಬೇರೆಯವನು ಬಂದ್ರೆ ಅವನ ಎಡವಟ್ಟು ಏನು ಅಂತ ನಾನು ಹೊಸದಾಗಿ ಹುಡುಕ್ಬೇಕಲ್ಲಪ್ಪ. ನಿಂದು ಗೊತ್ತಾಗೋಯ್ತು. ಇಟ್ಕೋ." ಕಡ್ಡಿಯನ್ನು ಮಾತ್ರ ಅವರು ಲಾರಿಗೆ ಹಾಕಿಸಿಕೊಂಡರು, ಮುಂದಿನ ತರಬೇತಿಯಲ್ಲಿ ತೋರಿಸಲಿಕ್ಕೆ. ಅದನ್ನು ಕೇಳಿ ಮುನಿಗಂಗಪ್ಪನಿಗೆ ನಗು ಬಂತು, ಕಣ್ಣೂ ತುಂಬಿತು.

ಎರಡು ದಿನ ಬಿಟ್ಟು ಬೆಳಿಗ್ಗೆಯೇ ಅಜೀಜಾ ಬೆದೆಗೆ ಬಂದು ಕೂಗುವ ಹಸುವನ್ನು ಎಳೆದುಕೊಂಡು ಬಂದಳು. ಮುನಿಗಂಗಪ್ಪ ಬಿರಡೆ ತೆಗೆದು, ಡಬ್ಬಿ ಎತ್ತಿ, ಇಕ್ಕಳದಲ್ಲಿ ಒಂದು ಆಂಪೂಲು ಹಿಡಿದು, ಚಟ್ಟನೆ ಮತ್ತೆ ಮುಚ್ಚಿದ.

"ಎಷ್ಟೈತೆ ಅಂತ ಇಣುಕಿ ನೋಡ್ಲೇ ಇಲ್ಲವಲ್ಲ ಅಣ್ಣಾ?"

"ನೋಡಿ ನೋಡಿ ಸಾಕಾಯ್ತು ಕಣವ್ವ. ನೀನು ಹಸೂನ ಗಟ್ಟಿಯಾಗಿ ಹಿಡ್ಕೊ."